ಮದುವೆ ಹಾಲ್ ದುರಸ್ತಿ ಎಷ್ಟು ದಿನದಲ್ಲಿ ಮುಗಿಯುತ್ತದೆ? ಮೂರು ಅಂದಾಜಿನ ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಕಡೆಯಲ್ಲಿ ಹಾಲ್ ರಿಪೇರಿಗೆ ಸಿಗುವ ಸಮಯ ಒಂದೇ. ಮೇ ತಿಂಗಳ ಮದುವೆಗಳು ಮುಗಿದ ಮೇಲೆ ಶುರು ಮಾಡಬೇಕು, ಆಟಿ ಕಳೆದು ಸಿಂಹ ಸಂಕ್ರಮಣ ಬರುವಷ್ಟರಲ್ಲಿ ಮುಗಿಸಬೇಕು. ಆಟಿಯಲ್ಲಿ ಮದುವೆ ಇಲ್ಲ, ಹಾಗಾಗಿ ಹಾಲ್ ಖಾಲಿ. ಆದರೆ ಅದೇ ಮಳೆಗಾಲ. ಬದಿಯಡ್ಕದ ಕಡೆಯ ಒಂದು ಹಳೆ ಹಾಲ್‌ನ ದುರಸ್ತಿಯಲ್ಲಿ ದಿನದ ಲೆಕ್ಕ ಇಡುವ ಕೆಲಸ ನನ್ನದಾಗಿತ್ತು. ಆಮೇಲೆ ಬೇರೆ ಹಾಲ್‌ಗಳ ಸಮಿತಿಯವರು ನನ್ನಲ್ಲಿ ಕೇಳಿದ ಪ್ರಶ್ನೆಗಳಿಗೆ ಆ ಹಾಲ್‌ನ ಅಂಕಿಗಳನ್ನೇ ಇಟ್ಟುಕೊಂಡು ಇಲ್ಲಿ ಉತ್ತರ ಬರೆದಿದ್ದೇನೆ.

## ಕಂಟ್ರಾಕ್ಟರ್ 54 ದಿನ ಅಂದಿದ್ದಾರೆ. ಅದನ್ನೇ ನಂಬಬಾರದಾ?

ಅವರು ಸುಳ್ಳು ಹೇಳಿಲ್ಲ. ಪ್ರತಿ ಕೆಲಸಕ್ಕೂ ಸಾಮಾನ್ಯವಾಗಿ ಹಿಡಿಯುವ ದಿನವನ್ನು ಕೂಡಿಸಿ ಹೇಳಿದ್ದಾರೆ. ತೊಂದರೆ ಇರುವುದು ಆ ಕೂಡಿಸುವುದರಲ್ಲೇ.

ಛಾವಣಿ ಕೆಲಸವನ್ನೇ ತೆಗೆದುಕೊಳ್ಳಿ. ಎಲ್ಲವೂ ಸರಿಯಾಗಿ ನಡೆದರೆ 8 ದಿನ. ಸಾಮಾನ್ಯವಾಗಿ 11 ದಿನ. ಮಳೆ ಹಿಡಿದು ಕೂತರೆ 26 ದಿನ. 11ರಿಂದ ಕೆಳಗೆ ಇಳಿಯಲು ಜಾಗ ಇರುವುದು ಬರೀ 3 ದಿನ. ಮೇಲೆ ಹೋಗಲು 15 ದಿನ ಇದೆ. ಬೇಗ ಮುಗಿದರೆ ಸ್ವಲ್ಪ ಲಾಭ, ತಡವಾದರೆ ಜಾಸ್ತಿ ನಷ್ಟ. ದುರಸ್ತಿಯ ಹೆಚ್ಚುಕಮ್ಮಿ ಎಲ್ಲ ಕೆಲಸಗಳ ಗುಣವೂ ಇದೇ. ಹಾಗಾಗಿ ‘ಸಾಮಾನ್ಯ’ ದಿನಗಳನ್ನು ಮಾತ್ರ ಕೂಡಿಸಿದರೆ ಮೊತ್ತ ಯಾವಾಗಲೂ ಕಡಿಮೆಯೇ ಬರುತ್ತದೆ. ನಮ್ಮ ಹಾಲ್‌ನಲ್ಲಿ 54 ದಿನದೊಳಗೆ ಮುಗಿಯುವ ಸಾಧ್ಯತೆ ನೂರಕ್ಕೆ 7 ಮಾತ್ರ ಇತ್ತು. ಅದು ಹೇಗೆ ಬಂತು ಎಂದು ಮುಂದೆ ಹೇಳುತ್ತೇನೆ.

## ಮೂರು ಅಂದಾಜು ಅಂದರೆ ಯಾವುವು? ಸೂತ್ರ ಏನು?

ಪ್ರತಿ ಕೆಲಸಕ್ಕೂ ಮೂರು ಸಂಖ್ಯೆ ಬೇಕು. ಎಲ್ಲವೂ ಅನುಕೂಲವಾದರೆ ಹಿಡಿಯುವ ದಿನ `a`. ಸಾಮಾನ್ಯವಾಗಿ ಹಿಡಿಯುವ ದಿನ `m`. ಎಲ್ಲವೂ ಕೈಕೊಟ್ಟರೆ ಹಿಡಿಯುವ ದಿನ `b`. ಇವುಗಳಿಂದ ನಿರೀಕ್ಷಿತ ಅವಧಿ ಬರುವುದು ಹೀಗೆ:

```
te = (a + 4m + b) / 6
sd = (b - a) / 6
```

ಛಾವಣಿಗೆ: 8, ನಾಲ್ಕು ಸಲ 11 ಅಂದರೆ 44, ಮತ್ತೆ 26. ಒಟ್ಟು 78. ಆರರಿಂದ ಭಾಗಿಸಿದರೆ 13 ದಿನ. ಎರಡನೆ ಸಾಲಿನ `sd` ಆ 13ರ ಸುತ್ತ ಎಷ್ಟು ಏರಿಳಿತ ಇರಬಹುದು ಎಂದು ಹೇಳುತ್ತದೆ. ಛಾವಣಿಗೆ ಅದು 3 ದಿನ.

ಈ ಕ್ರಮ ಹುಟ್ಟಿದ್ದು 1958ರಲ್ಲಿ, ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ. ಇದಕ್ಕೆ ಪರ್ಟ್ ಅನ್ನುತ್ತಾರೆ. ಹಿಂದೆ ಯಾರೂ ಮಾಡದ ಕೆಲಸಗಳಿಗೆ ಒಂದೇ ದಿನದ ಲೆಕ್ಕ ಕೊಡಲು ಆಗದೆ ಮೂರು ಕೇಳಿದರು. ಹಳೆ ಕಟ್ಟಡದ ದುರಸ್ತಿಯೂ ಸ್ವಲ್ಪ ಹಾಗೆಯೇ. ಶೀಟು ಬಿಚ್ಚುವ ತನಕ ಒಳಗಿನ ಕಬ್ಬಿಣ ಎಷ್ಟು ತುಕ್ಕು ಹಿಡಿದಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

## ಸುಮ್ನೆ ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ಆಗಲ್ವಾ?

ಹಾಗೆ ಮಾಡಿದರೆ ಛಾವಣಿಗೆ 15 ದಿನ ಬರುತ್ತದೆ. ಅಂದರೆ 26 ದಿನ ಹಿಡಿಯುವ ಕೆಟ್ಟ ಮಳೆಗೂ ಸಾಮಾನ್ಯ ಪರಿಸ್ಥಿತಿಗೂ ಒಂದೇ ತೂಕ ಕೊಟ್ಟಂತೆ. ಸಾಮಾನ್ಯವಾಗಿ ಆಗುವುದು ಜಾಸ್ತಿ ಸಲ ಆಗುತ್ತದೆ, ಅದಕ್ಕೇ ಅದಕ್ಕೆ ನಾಲ್ಕು ಪಾಲು. ಈ ನಾಲ್ಕು ಸಂಖ್ಯಾಶಾಸ್ತ್ರದ ಬೀಟಾ ಎಂಬ ಹಂಚಿಕೆಯಿಂದ ಬಂದ ಅಂದಾಜಿನ ಸಂಖ್ಯೆ. ಅದರಲ್ಲಿ ಪವಿತ್ರವಾದದ್ದೇನೂ ಇಲ್ಲ. `a`, `b` ಸರಿಯಾಗಿ ಕೇಳಿಕೊಂಡಿದ್ದರೆ ಸಾಕಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಅವೇ ತಪ್ಪಾಗಿದ್ದರೆ ಯಾವ ಸೂತ್ರವೂ ಕಾಪಾಡುವುದಿಲ್ಲ.

## ಮೇಸ್ತ್ರಿಯ ಹತ್ತಿರ ಈ ಮೂರು ಸಂಖ್ಯೆಯನ್ನು ಕೇಳುವುದು ಹೇಗೆ?

ಇಡೀ ಲೆಕ್ಕದಲ್ಲಿ ಕಷ್ಟದ ಭಾಗ ಇದೇ. ಮೊದಲ ಸಲ ನಾನು ತಪ್ಪು ಮಾಡಿದೆ. “ಮೇಸ್ತ್ರಿ, ಎಷ್ಟು ದಿನ? ಜಾಸ್ತಿ ಅಂದರೆ ಎಷ್ಟಾಗಬಹುದು?” ಎಂದು ಒಂದೇ ಉಸಿರಿನಲ್ಲಿ ಕೇಳಿದೆ. “ಹನ್ನೊಂದು. ಜಾಸ್ತಿ ಅಂದರೆ ಹದಿಮೂರು” ಅಂದರು. ಒಂದು ಸಲ ಬಾಯಿಂದ ಹನ್ನೊಂದು ಬಂದ ಮೇಲೆ ಮುಂದಿನ ಸಂಖ್ಯೆ ಅದರ ಪಕ್ಕದಲ್ಲೇ ಕೂರುತ್ತದೆ. ಎಲ್ಲರಿಗೂ ಹಾಗೆಯೇ.

ಆಮೇಲೆ ಕ್ರಮ ಬದಲಿಸಿದೆ. ಮೊದಲು ತಡದ ಬಗ್ಗೆ ಕೇಳಿದೆ, ಅದೂ ದಿನ ಕೇಳದೆ ಕಾರಣ ಕೇಳಿದೆ. “ನೀವು ಹಿಂದೆ ಶೀಟು ಹಾಕಿದ ಕಡೆ ಎಲ್ಲಿ ತುಂಬ ತಡ ಆಯಿತು? ಯಾಕೆ?” ಆಗ ಒಂದೊಂದಾಗಿ ಹೊರಗೆ ಬಂತು. ಜೂನ್ ಮಳೆಯಲ್ಲಿ ವೆಲ್ಡಿಂಗ್ ಮಾಡಲು ಆಗದೆ ಒಂದು ವಾರ ಕೂತದ್ದು. ಟ್ರಸ್‌ನ ಕಾಲು ಗೋಡೆಯೊಳಗೆ ತುಕ್ಕು ಹಿಡಿದು ಬದಲಿಸಬೇಕಾದದ್ದು. ಹೊರರಾಜ್ಯದ ಹುಡುಗರು ಊರಿಗೆ ಹೋಗಿ ಹತ್ತು ದಿನ ಬಾರದೇ ಇದ್ದದ್ದು. ಇವೆಲ್ಲ ಹೇಳಿದ ಮೇಲೆ ದಿನ ಕೇಳಿದರೆ “ಇಪ್ಪತ್ತಾರು ಆಗಬಹುದು” ಅಂದರು. ಆಮೇಲೆ ಬೇಗದ ದಿನ, ಕೊನೆಗೆ ಸಾಮಾನ್ಯದ ದಿನ ಕೇಳಿದೆ.

`b` ಅಂದರೆ ಪ್ರಳಯ ಬಂದಾಗಿನ ಲೆಕ್ಕ ಅಲ್ಲ. ಇಂಥ ಕೆಲಸ ನೂರು ಸಲ ಮಾಡಿದರೆ ಒಂದು ಸಲ ಅಷ್ಟು ತಡ ಆಗಬಹುದು ಎನ್ನುವ ಮಟ್ಟದ್ದು. ಸಮಿತಿಯಲ್ಲಿ ಜಗಳವಾಗಿ ಕೆಲಸ ನಿಂತರೆ, ಪಂಚಾಯತ್ ಅನುಮತಿಯೇ ಸಿಗದಿದ್ದರೆ ಅನ್ನುವುದನ್ನು ಇದರೊಳಗೆ ತುರುಕಬೇಡಿ.

## ಈ ಹಾಲ್‌ನ ಕೆಲಸಗಳು ಯಾವುವು, ಯಾವುದರ ನಂತರ ಯಾವುದು?

ಇದು ನಮ್ಮ ಪಟ್ಟಿ. ದಿನ ಅಂದರೆ ಕೆಲಸದ ದಿನ, ಭಾನುವಾರ ಬಿಟ್ಟು.

| ಕೆಲಸ | ಬೇಗ | ಸಾಮಾನ್ಯ | ತಡ | ನಿರೀಕ್ಷಿತ | ಏರಿಳಿತ |
|---|---|---|---|---|---|
| ಹಳೆ ಶೀಟು, ಸೀಲಿಂಗ್ ಬಿಚ್ಚುವುದು | 4 | 5 | 12 | 6 | 1.33 |
| ಟ್ರಸ್ ದುರಸ್ತಿ, ಹೊಸ ಶೀಟು | 8 | 11 | 26 | 13 | 3.00 |
| ಗೋಡೆಯೊಳಗೆ ವಯರಿಂಗ್ ಪೈಪು | 5 | 7 | 15 | 8 | 1.67 |
| ಗೋಡೆ ಗಾರೆ | 6 | 8 | 16 | 9 | 1.67 |
| ಹಾಲ್‌ನ ನೆಲ | 9 | 12 | 21 | 13 | 2.00 |
| ಪುಟ್ಟಿ, ಪೇಂಟ್ | 10 | 14 | 30 | 16 | 3.33 |
| ಅಡುಗೆಮನೆಯ ಕೊಳಚೆ ಗುಂಡಿ, ಚರಂಡಿ | 8 | 13 | 36 | 16 | 4.67 |
| ಅಡುಗೆಮನೆ ನೆಲ, ಗೋಡೆ ಟೈಲ್ಸ್ | 14 | 18 | 28 | 19 | 2.33 |
| ಒಲೆ ಕಟ್ಟೆ, ಗ್ಯಾಸ್ ಪೈಪು, ಎಕ್ಸಾಸ್ಟ್ | 8 | 11 | 20 | 12 | 2.00 |
| ಲೈಟು, ಫ್ಯಾನು, ವೇದಿಕೆ, ತೊಳೆಯುವುದು | 3 | 4 | 11 | 5 | 1.33 |

ಬಿಚ್ಚಿದ ಮೇಲೆ ದಾರಿ ಎರಡಾಗುತ್ತದೆ. ಒಂದು ಹಾಲ್‌ನ ದಾರಿ: ಛಾವಣಿ, ಗಾರೆ, ನೆಲ, ಪೇಂಟ್. ಇನ್ನೊಂದು ಅಡುಗೆಮನೆಯ ದಾರಿ: ಗುಂಡಿ, ಟೈಲ್ಸ್, ಒಲೆ ಕಟ್ಟೆ. ಅಡುಗೆಮನೆಗೆ ಬೇರೆಯೇ ಕಾಂಕ್ರೀಟ್ ಮಾಡು ಇದೆ, ಅಲ್ಲಿ ಕೆಲಸ ನಿಲ್ಲುವುದಿಲ್ಲ. ಆದರೆ ಬಿಚ್ಚಿದ ಹಳೆ ಸಾಮಾನು ಹಿತ್ತಲಲ್ಲಿ ಬೀಳುತ್ತದೆ. ಅದನ್ನು ಸಾಗಿಸುವ ತನಕ ಗುಂಡಿ ತೋಡಲು ಜಾಗ ಇಲ್ಲ. ಎರಡೂ ದಾರಿ ಮುಗಿದ ಮೇಲೆ ಕೊನೆಯ ಲೈಟು, ವೇದಿಕೆ ಕೆಲಸ. ವಯರಿಂಗ್ ಪೈಪು ಛಾವಣಿಯ ಜೊತೆಜೊತೆಗೇ ನಡೆದು ಗಾರೆಗೆ ಮೊದಲು ಮುಗಿಯಬೇಕು. ಅದಕ್ಕೆ 8 ದಿನ, ಛಾವಣಿಗೆ 13. ಹಾಗಾಗಿ 5 ದಿನ ಬಿಡುವಿದೆ.

ನೆಲ ಮುಗಿಸಿ ಪೇಂಟ್ ಯಾಕೆ ಎಂದು ಹಲವರು ಕೇಳುತ್ತಾರೆ. ಮಳೆಗಾಲದಲ್ಲಿ ಹೊಸ ಗಾರೆ ಒಣಗಲು ದಿನ ಬೇಕು. ನೆಲದ ಕೆಲಸ ನಡೆಯುವ ಹದಿಮೂರು ದಿನ ಗೋಡೆಗೆ ಒಣಗುವ ಸಮಯ ತಾನಾಗಿ ಸಿಗುತ್ತದೆ. ಹೊಸ ನೆಲದ ಮೇಲೆ ಪ್ಲಾಸ್ಟಿಕ್ ಹಾಸಿ, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತೆಳ್ಳಗೆ ಎಳೆದರೆ ಪೇಂಟ್ ಬಿದ್ದರೂ ಹಾಳಾಗುವುದಿಲ್ಲ. ಗೋಡೆ ಒಣಗಿದೆಯಾ ಎಂದು ನೋಡಲು ಒಂದು ಅಡಿಯ ಪ್ಲಾಸ್ಟಿಕ್ ತುಂಡನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ರಾತ್ರಿ ಬಿಡಿ. ಬೆಳಿಗ್ಗೆ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಪುಟ್ಟಿಗೆ ಕೈ ಹಾಕಬೇಡಿ. ಹಾಕಿದರೆ ನವೆಂಬರ್ ಹೊತ್ತಿಗೆ ಹಪ್ಪಳದ ಹಾಗೆ ಎದ್ದು ಬರುತ್ತದೆ.

## ಒಟ್ಟು ಎಷ್ಟು ದಿನ ಬಂತು?

ಹಾಲ್‌ನ ದಾರಿ: 6 + 13 + 9 + 13 + 16 + 5 = 62 ದಿನ. ಅಡುಗೆಮನೆಯ ದಾರಿ: 6 + 16 + 19 + 12 + 5 = 58 ದಿನ. ಉದ್ದದ ದಾರಿಯೇ ಕ್ರಿಟಿಕಲ್ ಪಾತ್. ಹಾಗಾಗಿ ನಿರೀಕ್ಷಿತ ಅವಧಿ 62. ಕಂಟ್ರಾಕ್ಟರ್ ಹೇಳಿದ 54ಕ್ಕೂ ಇದಕ್ಕೂ 8 ದಿನದ ವ್ಯತ್ಯಾಸ. ಯಾರೂ ಎಲ್ಲೂ ಹೆಚ್ಚಿಗೆ ಸೇರಿಸಿಲ್ಲ. ತಡದ ಕಡೆ ಇರುವ ಉದ್ದ ಬಾಲವೇ ಅಷ್ಟು ತಂದಿತು.

## ಹಾಗಾದರೆ 62ನೇ ದಿನಕ್ಕೆ ಮುಗಿಯುತ್ತದೆ ಅಂತಲಾ?

ಅಲ್ಲ. 62 ದಿನದೊಳಗೆ ಮುಗಿಯುವುದು, ಮುಗಿಯದೇ ಇರುವುದು ಹೆಚ್ಚುಕಮ್ಮಿ ಸಮ ಸಮ. ಮದುವೆಗೆ ಹಾಲ್ ಕೊಡುವವರು ನಾಣ್ಯ ಚಿಮ್ಮಿ ಮಾತು ಕೊಡಲು ಆಗುವುದಿಲ್ಲ.

ನಮ್ಮ ಕ್ಯಾಲೆಂಡರ್ ಹೀಗಿತ್ತು. ಮೇ 25ರ ಸೋಮವಾರ ಶುರು, ಆಗಸ್ಟ್ 16ರ ಭಾನುವಾರದ ಒಳಗೆ ಮುಗಿಸಬೇಕು. ಮರುದಿನ ಸಂಕ್ರಮಣ. ಒಟ್ಟು 12 ವಾರ, ಅಂದರೆ 72 ಕೆಲಸದ ದಿನ. ಹಬ್ಬ, ರಜೆ, ಹರತಾಳಕ್ಕೆ 4 ಕಳೆದರೆ ಕೈಯಲ್ಲಿ 68 ದಿನ.

ಈಗ ಹಾಲ್‌ನ ದಾರಿಯ ಏರಿಳಿತ ಬೇಕು. ಏರಿಳಿತಗಳನ್ನು ನೇರವಾಗಿ ಕೂಡಿಸಬಾರದು. ಒಂದೊಂದರ ವರ್ಗ ಮಾಡಿ ಕೂಡಿಸಿ, ಮೊತ್ತದ ವರ್ಗಮೂಲ ತೆಗೆಯಬೇಕು. ಒಂದು ಕೆಲಸ ತಡವಾದರೆ ಇನ್ನೊಂದು ಬೇಗ ಮುಗಿದು ಸ್ವಲ್ಪ ಸರಿದೂಗುತ್ತದೆ, ಅದಕ್ಕೇ ಹೀಗೆ. ವರ್ಗಗಳ ಮೊತ್ತ 30.44, ವರ್ಗಮೂಲ 5.52 ದಿನ. 68ಕ್ಕೂ 62ಕ್ಕೂ ನಡುವೆ 6 ದಿನ. ಅದನ್ನು 5.52ರಿಂದ ಭಾಗಿಸಿದರೆ 1.09. ಇಂಥ ಸಂಖ್ಯೆಗೆ ಎಷ್ಟು ಸಾಧ್ಯತೆ ಎಂದು ತೋರಿಸುವ ನಾರ್ಮಲ್ ಟೇಬಲ್‌ನಲ್ಲಿ ನೋಡಿದರೆ ನೂರಕ್ಕೆ 86. ಅದೇ ರೀತಿ 54ಕ್ಕೆ ನೋಡಿದರೆ ನೂರಕ್ಕೆ 7. ಮೇಲೆ ಹೇಳಿದ್ದು ಇದನ್ನೇ.

ಕಂಪ್ಯೂಟರ್‌ನ ಸ್ಪ್ರೆಡ್‌ಶೀಟಿನಲ್ಲಿ ಮಾಡುವುದಾದರೆ `a`, `m`, `b` ಗಳನ್ನು B, C, D ಕಾಲಂನಲ್ಲಿ ಇಟ್ಟು ಹೀಗೆ ಬರೆಯಿರಿ:

```
=(B2+4*C2+D2)/6
=((D2-B2)/6)^2
=NORM.DIST(68,62,5.52,TRUE)
```

## ಅಡುಗೆಮನೆಯ ದಾರಿ 58 ದಿನವೇ ತಾನೇ, ಅದನ್ನು ಮರೆಯಬಹುದಾ?

ಮರೆಯಬಾರದು. ಈ ಲೆಕ್ಕ ಕಲಿತವರೂ ಜಾಸ್ತಿ ಎಡವುವುದು ಇಲ್ಲೇ. ಉದ್ದದ ದಾರಿ ಒಂದನ್ನೇ ನೋಡಿ 86 ಎಂದು ಬರೆದು ಸುಮ್ಮನಾಗುತ್ತಾರೆ. ಆದರೆ ಹಾಲ್ ಕೊಡಬೇಕಾದರೆ ಎರಡೂ ದಾರಿ ಮುಗಿಯಬೇಕು. ಅಡುಗೆಮನೆ ಇಲ್ಲದೆ ಮದುವೆ ಊಟ ಎಲ್ಲಿ?

ಅಡುಗೆಮನೆ ದಾರಿಯ ಏರಿಳಿತ 5.90 ದಿನ, ಹಾಲ್‌ನದ್ದಕ್ಕಿಂತ ಜಾಸ್ತಿ. ಕಾರಣ ಆ ಗುಂಡಿ. ಅದು 68ರೊಳಗೆ ಮುಗಿಯುವ ಸಾಧ್ಯತೆ ನೂರಕ್ಕೆ 95. ಎರಡೂ ಒಟ್ಟಿಗೆ ಮುಗಿಯುವ ಸಾಧ್ಯತೆಗೆ ಗುಣಿಸಬೇಕು: 0.86 × 0.95, ಅಂದರೆ ನೂರಕ್ಕೆ 82ರ ಹತ್ತಿರ. ಬಿಚ್ಚುವುದು ಮತ್ತು ಕೊನೆಯ ಕೆಲಸ ಎರಡೂ ದಾರಿಗೆ ಒಂದೇ ಆದ್ದರಿಂದ ನಿಜವಾದ ಸಂಖ್ಯೆ ಒಂದು ಕೂದಲೆಳೆ ಮೇಲೆ ಇರುತ್ತದೆ. ದಾರಿಗಳು ಇನ್ನೂ ಜಾಸ್ತಿ ಇದ್ದರೆ, ಉದ್ದವೂ ಹತ್ತಿರ ಹತ್ತಿರ ಇದ್ದರೆ ಇಳಿತ ಇನ್ನೂ ಜೋರು.

## ಮಳೆ ಎಲ್ಲ ಕೆಲಸವನ್ನೂ ಒಟ್ಟಿಗೆ ಹಿಡಿದರೆ?

ನಮ್ಮೂರಿನವರು ಕೇಳಬೇಕಾದ ಪ್ರಶ್ನೆಯೇ ಇದು. ಸೂತ್ರದ ದೊಡ್ಡ ಮಿತಿಯೂ ಇಲ್ಲಿದೆ.

ವರ್ಗ ಮಾಡಿ ಕೂಡಿಸುವಾಗ ಪ್ರತಿ ಕೆಲಸದ ತಡವೂ ಬೇರೆ ಬೇರೆ ಕಾರಣಕ್ಕೆ ಎಂದು ಒಪ್ಪಿಕೊಂಡ ಹಾಗೆ. ಕೇರಳಕ್ಕೆ ಮಳೆಗಾಲ ಬರುವ ವಾಡಿಕೆಯ ದಿನ ಜೂನ್ 1. ನಮ್ಮ ಶೀಟು ಹಾಕುವ ಕೆಲಸ ಸರಿಯಾಗಿ ಅದರ ಎದುರಿಗೆ ಬರುತ್ತದೆ. ಪೇಂಟ್ ಕೆಲಸ ಬರುವುದು ಜುಲೈಯಲ್ಲಿ. ಆ ವರ್ಷ ಮಳೆ ಬಿಡುವು ಕೊಡದಿದ್ದರೆ ಶೀಟೂ ತಡ, ಗೋಡೆ ಒಣಗುವುದೂ ತಡ. ಒಂದರ ತಡವನ್ನು ಇನ್ನೊಂದು ಸರಿದೂಗಿಸುವುದಿಲ್ಲ.

ಛಾವಣಿ ಮತ್ತು ಪೇಂಟ್ ಪೂರ್ತಿ ಒಟ್ಟಿಗೆ ಏರಿಳಿಯುತ್ತವೆ ಎಂದು ಇಟ್ಟುಕೊಳ್ಳಿ. ಆಗ ವರ್ಗಗಳ ಮೊತ್ತಕ್ಕೆ ಇನ್ನೂ 2 × 3 × 3.33, ಅಂದರೆ 20 ಸೇರಿಸಬೇಕು. 30.44 ಹೋಗಿ 50.44 ಆಯಿತು, ಏರಿಳಿತ 7.1 ದಿನ. ನಿರೀಕ್ಷಿತ 62 ಬದಲಾಗುವುದಿಲ್ಲ. ಆದರೆ ಹಾಲ್‌ನ ದಾರಿ 68ರೊಳಗೆ ಮುಗಿಯುವ ಸಾಧ್ಯತೆ 86ರಿಂದ 80ಕ್ಕೆ ಇಳಿಯುತ್ತದೆ. ನಿಜ ಇವೆರಡರ ನಡುವೆ ಎಲ್ಲೋ ಇದೆ. ನಾನು ಸಮಿತಿಗೆ ಯಾವಾಗಲೂ ಕೆಳಗಿನ ಸಂಖ್ಯೆಯನ್ನೇ ಹೇಳುತ್ತೇನೆ.

ಲೆಕ್ಕ ಹೀಗೆ ಬಂದ ಮೇಲೆ ನಾವು ಟ್ರಸ್‌ನ ಹೊಸ ತುಂಡುಗಳನ್ನು ಮೇ ತಿಂಗಳಲ್ಲೇ, ಹಾಲ್‌ನಲ್ಲಿ ಮದುವೆ ನಡೆಯುತ್ತಿರುವಾಗಲೇ, ವರ್ಕ್‌ಶಾಪ್‌ನಲ್ಲಿ ಅಳತೆಗೆ ಕತ್ತರಿಸಿ ವೆಲ್ಡ್ ಮಾಡಿಸಿ ಇಟ್ಟೆವು. ಮೇಲೆ ಉಳಿದದ್ದು ಬೋಲ್ಟ್ ಹಾಕುವುದು ಮತ್ತು ತುಕ್ಕಿನ ರಿಪೇರಿ. ಪಟ್ಟಿಯಲ್ಲಿರುವ 26 ಅದರ ನಂತರದ ಸಂಖ್ಯೆ. ಮೊದಲು ಮೇಸ್ತ್ರಿ ಹೇಳಿದ್ದೂ ಅಷ್ಟೇ ಆಗಿತ್ತು. ಆದರೆ ತುಕ್ಕಿನ ಕೆಲಸ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇತ್ತು, ಅದಕ್ಕೆ ಇಳಿಸಲಿಲ್ಲ.

## ಕೆಲಸದ ನಡುವೆ ಅಂದಾಜು ತಪ್ಪಿದರೆ ಏನು ಮಾಡಬೇಕು?

ಮುಗಿದ ಕೆಲಸಕ್ಕೆ ನಿಜವಾಗಿ ಹಿಡಿದ ದಿನ ಹಾಕಿ. ಉಳಿದದ್ದಕ್ಕೆ ಮತ್ತೆ ಲೆಕ್ಕ ಮಾಡಿ.

ನಮಗೆ ತಪ್ಪಿದ್ದು ಗುಂಡಿಯಲ್ಲಿ. ಮೇಲೆ ಕೆಂಪುಕಲ್ಲು, ಆರಾಮವಾಗಿ ಇಳಿಯುತ್ತಿತ್ತು. ಏಳು ಅಡಿ ಆದ ಮೇಲೆ ಒಂದು ಬೆಳಿಗ್ಗೆ ಹಾರೆ ಹಾಕಿದವನಿಗೆ ಶಬ್ದ ಬೇರೆ ಕೇಳಿಸಿತು. ಕೆಂಪುಕಲ್ಲಿಗೆ ಹಾರೆ ಬಿದ್ದರೆ ದಪ್ಪ ಸದ್ದು. ಇದು ಠಣ್ ಅಂತು. ಮೇಸ್ತ್ರಿ ಇಳಿದು ತಾವೇ ಎರಡು ಸಲ ಹಾಕಿ ನೋಡಿದರು. “ಕರಿಕಲ್ಲು ಮಾರಾಯ್ರೆ” ಅಂದರು. ರಾತ್ರಿ ಮಳೆಗೆ ಗುಂಡಿ ತುಂಬುವುದು, ಬೆಳಿಗ್ಗೆ ಪಂಪು ಇಟ್ಟು ಖಾಲಿ ಮಾಡುವುದು, ಮಧ್ಯಾಹ್ನದ ಮೇಲೆ ಕಲ್ಲು ಒಡೆಯುವುದು. 16 ದಿನ ಅಂದುಕೊಂಡದ್ದಕ್ಕೆ 24 ಹಿಡಿಯಿತು.

30ನೇ ದಿನ ಕೂತು ಲೆಕ್ಕ ಹಾಕಿದೆವು. ಅಡುಗೆಮನೆ ದಾರಿಯಲ್ಲಿ 30 ದಿನ ಕಳೆದಿದೆ, ಇನ್ನು 19 + 12 + 5. ಒಟ್ಟು 66. ಹಾಲ್‌ನ ದಾರಿಯಲ್ಲಿ ಗಾರೆ ಆಗತಾನೇ ಮುಗಿದಿತ್ತು, ಇನ್ನು 13 + 16 + 5. ಒಟ್ಟು 64. ಕ್ರಿಟಿಕಲ್ ಪಾತ್ ಅಡುಗೆಮನೆಗೆ ಜಿಗಿದಿತ್ತು. ಉಳಿದ ಏರಿಳಿತಗಳ ಪ್ರಕಾರ ಅಡುಗೆಮನೆ 68ರೊಳಗೆ ಮುಗಿಯುವ ಸಾಧ್ಯತೆ ನೂರಕ್ಕೆ 72, ಹಾಲ್‌ನದ್ದು 83. ಎರಡೂ ಒಟ್ಟಿಗೆ 60ರ ಹತ್ತಿರ.

ಸಭೆಯಲ್ಲಿ ಒಬ್ಬರು ಪೇಂಟಿನವರನ್ನು ಜಾಸ್ತಿ ಹಾಕೋಣ ಅಂದರು. ಗೋಡೆ ಒಣಗದೆ ಜನ ಜಾಸ್ತಿಯಾದರೆ ಏನೂ ಆಗುವುದಿಲ್ಲ. ಹಣ ಹಾಕಬೇಕಾದ ಜಾಗ ಅಡುಗೆಮನೆ ಟೈಲ್ಸ್ ಆಗಿತ್ತು. ಇನ್ನೊಂದು ತಂಡವನ್ನು ತಂದು ಗೋಡೆ ಒಬ್ಬರಿಗೆ, ನೆಲ ಒಬ್ಬರಿಗೆ ಎಂದು ಹಂಚಿದೆವು. ಹೊಸ ಅಂದಾಜು 10, 13, 22. ನಿರೀಕ್ಷಿತ 14 ದಿನ. ಅಡುಗೆಮನೆ ದಾರಿ 66ರಿಂದ 61ಕ್ಕೆ ಇಳಿಯಿತು, ಅದು ಸಮಯಕ್ಕೆ ಮುಗಿಯುವ ಸಾಧ್ಯತೆ ನೂರಕ್ಕೆ 99ಕ್ಕೆ ಏರಿತು. ಒಟ್ಟು ಮತ್ತೆ 82ಕ್ಕೆ ಬಂದು ನಿಂತಿತು.

## ಮದುವೆ ಮನೆಯವರಿಗೆ ಯಾವ ದಿನ ಹೇಳಬೇಕು?

ಸಂಕ್ರಮಣದ ಮರುದಿನಕ್ಕೇ ಬುಕಿಂಗ್ ತೆಗೆದುಕೊಂಡರೆ ನೂರಕ್ಕೆ 18ರಿಂದ 20 ಅಪಾಯ ಹೊತ್ತುಕೊಂಡ ಹಾಗೆ. ಐದು ಸಲ ಹೀಗೆ ಮಾತು ಕೊಟ್ಟರೆ ಒಂದು ಸಲ ಯಾರದೋ ಮಗಳ ಮದುವೆಯ ಹೊತ್ತಿಗೆ ಗೋಡೆ ಒದ್ದೆ ಇರುತ್ತದೆ. ಅದು ನನಗೆ ಒಪ್ಪಿಗೆಯಾಗಲಿಲ್ಲ. ಮಳೆಯ ಏರಿಳಿತ 7.1 ಇಟ್ಟುಕೊಂಡು ಹಾಲ್‌ನ ದಾರಿಗೆ ನೂರಕ್ಕೆ 95 ಬೇಕೆಂದರೆ, ಅದೇ ನಾರ್ಮಲ್ ಟೇಬಲ್‌ನಲ್ಲಿ 95ಕ್ಕೆ ಸಿಗುವ ಸಂಖ್ಯೆ 1.645, ಹಾಗಾಗಿ 62ಕ್ಕೆ 1.645 × 7.1, ಅಂದರೆ 11.7 ದಿನ ಸೇರಿಸಬೇಕು. 74 ದಿನ. 68ಕ್ಕಿಂತ 6 ಕೆಲಸದ ದಿನ ಜಾಸ್ತಿ, ಅಂದರೆ ಒಂದು ವಾರ. ಅಡುಗೆಮನೆಯ ದಾರಿಗಾಗಿ ಇನ್ನೆರಡು ದಿನ ಕೈಯಲ್ಲಿ ಇಟ್ಟೆವು. ಆಗಸ್ಟ್ 26ಕ್ಕೆ ಮೊದಲು ಯಾವ ಬುಕಿಂಗೂ ಬೇಡ ಎಂದು ಸಮಿತಿಯ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದೆವು. ಆ ವಾರ ಮುಹೂರ್ತ ಕೇಳಿಕೊಂಡು ಬಂದ ಎರಡು ಮನೆಯವರಿಗೆ ಕಾರಣ ಹೇಳಿ ಮುಂದಿನ ದಿನ ನೋಡಲು ಕೇಳಿಕೊಂಡೆವು. ಒಬ್ಬರು ಒಪ್ಪಿ 30ಕ್ಕೆ ಇಟ್ಟುಕೊಂಡರು. ಇನ್ನೊಬ್ಬರು ಬೇರೆ ಹಾಲ್ ಹುಡುಕಿಕೊಂಡರು.